ಫೋನ್ ಶಿವಮೊಗ್ಗದಲ್ಲಿ, ಲಾಗಿನ್ ಚೆನ್ನೈನಲ್ಲಿ

ಶಿವಮೊಗ್ಗದಲ್ಲಿ ಮನೆಯಿಂದಲೇ ಸೀರೆ ಮಾರುವ ಮಹಿಳೆಯೊಬ್ಬರಿಗೆ ರಾತ್ರಿ ಇಮೇಲ್ ಬರುತ್ತದೆ ಎಂದುಕೊಳ್ಳಿ. ಅವರ ಇನ್‌ಸ್ಟಾಗ್ರಾಮ್ ಖಾತೆಗೆ ಹೊಸ ಸಾಧನದಿಂದ ಲಾಗಿನ್ ಆಗಿದೆ: ವಿಂಡೋಸ್, ಕ್ರೋಮ್, ಚೆನ್ನೈ, ರಾತ್ರಿ 9.10. ಚೆನ್ನೈ ಎಂದು ಓದಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಸಂದೇಶದಲ್ಲಿ ಎಲ್ಲಕ್ಕಿಂತ ಕಡಿಮೆ ನಂಬಬೇಕಾದದ್ದು ಊರಿನ ಹೆಸರನ್ನೇ.

ಊರನ್ನು ಜಿಪಿಎಸ್‌ನಿಂದಲ್ಲ, ಐಪಿ ವಿಳಾಸದಿಂದ ಅಂದಾಜು ಮಾಡಿರುತ್ತಾರೆ. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರ ಇಂಟರ್‌ನೆಟ್ ಸಂಪರ್ಕವನ್ನು ಬೇರೆ ನಗರದ ಕೇಂದ್ರದ ಮೂಲಕ ಹಾಯಿಸುವುದುಂಟು. ಆಗ ಶಿವಮೊಗ್ಗದ ಫೋನು ಚೆನ್ನೈನದೋ ಮುಂಬೈಯದೋ ಆಗಿ ಕಾಣುತ್ತದೆ. ವಿಪಿಎನ್ ಹಾಕಿದ್ದರೆ ದೇಶವೇ ಬದಲಾದೀತು.

ಮೊದಲು ಇಮೇಲೇ ಅಸಲಿಯೋ ಎಂದು ನೋಡಬೇಕು. ಅದರೊಳಗಿನ ಲಿಂಕ್ ಒತ್ತದೆ ಆ್ಯಪ್ ತೆರೆದು, `Accounts Center`ನಲ್ಲಿ `Password and security` ವಿಭಾಗಕ್ಕೆ ಹೋದರೆ `Recent emails` ಸಿಗುತ್ತದೆ. ಇನ್‌ಸ್ಟಾಗ್ರಾಮ್ ಇತ್ತೀಚೆಗೆ ನಿಜವಾಗಿ ಕಳಿಸಿದ ಪತ್ರಗಳು ಅಲ್ಲಿರುತ್ತವೆ. ಪಟ್ಟಿಯಲ್ಲಿ ಇಲ್ಲದ ಪತ್ರವನ್ನು ನಂಬಬಾರದು. ಪಾಸ್‌ವರ್ಡ್ ಕದಿಯಲು ಇಂಥದೇ ನಕಲಿ ಎಚ್ಚರಿಕೆಗಳನ್ನು ಕಳಿಸುತ್ತಾರೆ.

ಅಲ್ಲೇ ಇರುವ `Where you're logged in` ಪಟ್ಟಿಯಲ್ಲಿ ಸಾಧನವನ್ನೂ ಸಮಯವನ್ನೂ ಜೋಡಿಸಿ ಓದಬೇಕು. 9.10ಕ್ಕೆ ಮಗ ಅಮ್ಮನ ಫೋನಿನ ಹಾಟ್‌ಸ್ಪಾಟ್ ಹಿಡಿದು, ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಸೀರೆಗಳ ಫೋಟೊ ಏರಿಸಿದ್ದನೇ? ಹಾಗಿದ್ದರೆ ಎರಡೂ ತಾಳೆಯಾದವು, ಊರಿನ ಚಿಂತೆ ಬೇಡ. ಬ್ರೌಸರಿನ ಕುಕೀ ಅಳಿಸಿದರೂ ಇನ್‌ಕಾಗ್ನಿಟೊದಲ್ಲಿ ತೆರೆದರೂ ಹಳೆಯ ಕಂಪ್ಯೂಟರೇ ಹೊಸದಾಗಿ ಕಾಣಬಹುದು.

ಮನೆಯಲ್ಲಿ ಯಾರ ಬಳಿಯೂ ಇಲ್ಲದ ಮಾದರಿಯ ಫೋನು, ಎಲ್ಲರೂ ಮಲಗಿದ್ದ ಹೊತ್ತು ಕಂಡರೆ ಮಾತು ಬೇರೆ. ಖಾತೆಯ ಇಮೇಲ್ ಅಥವಾ ಫೋನ್ ನಂಬರ್ ಬದಲಾಗಿದ್ದರೆ, ತಾವು ಕಳಿಸದ ಮೆಸೇಜ್ ಗ್ರಾಹಕರಿಗೆ ಹೋಗಿದ್ದರೆ ಅನುಮಾನವೇ ಬೇಡ, ಯಾರೋ ಒಳಗೆ ಬಂದಿದ್ದಾರೆ. ಲಾಗಿನ್ ಕೋಡ್ ಮಾತ್ರ ಬಂದಿದ್ದರೆ ಅದು ಪ್ರಯತ್ನವಷ್ಟೇ. ಆ ಕೋಡನ್ನು ಯಾರಿಗೂ ಹೇಳಬಾರದು.

ಒಳಗೆ ಬಂದವರನ್ನು ಹೊರಹಾಕಲು ಪಾಸ್‌ವರ್ಡ್ ಬದಲಿಸಿ, ಅಪರಿಚಿತ ಸಾಧನಗಳನ್ನೆಲ್ಲ ಪಟ್ಟಿಯಿಂದ ಲಾಗ್‌ಔಟ್ ಮಾಡಬೇಕು. ಕೆಲವು ದುಷ್ಟ ತಂತ್ರಾಂಶಗಳು ಪಾಸ್‌ವರ್ಡ್ ಬದಲು, ಈಗಾಗಲೇ ಲಾಗಿನ್ ಆಗಿರುವ ಬ್ರೌಸರಿನ ಕುಕೀಯನ್ನೇ ಕದಿಯುತ್ತವೆ. ಅಂಥ ಕಂಪ್ಯೂಟರನ್ನು ಶುಚಿಗೊಳಿಸದೆ ಅದರಲ್ಲೇ ಹೊಸ ಪಾಸ್‌ವರ್ಡ್ ಹಾಕಿದರೆ ಅದೂ ಕಳ್ಳರ ಕೈಸೇರಬಹುದು. ಆಮೇಲೆ ಎರಡು ಹಂತದ ದೃಢೀಕರಣ ಹಾಕಿಕೊಳ್ಳಬೇಕು. ಪಾಸ್‌ವರ್ಡ್ ಕೆಲಸ ಮಾಡದೆ ಖಾತೆಯೇ ಕೈತಪ್ಪಿದ್ದರೆ `instagram.com/hacked` ಪುಟದಿಂದ ಮರಳಿ ಪಡೆಯುವ ಕೆಲಸ ಆರಂಭಿಸಬಹುದು. ಖಾತೆಗೆ ಜೋಡಿಸಿದ ಇಮೇಲಿನ ಪಾಸ್‌ವರ್ಡನ್ನೂ ಅಂದೇ ಬದಲಿಸಬೇಕು, ಏಕೆಂದರೆ ರೀಸೆಟ್ ಲಿಂಕ್ ಬರುವುದು ಅಲ್ಲಿಗೇ.