ಆರು ಕಾಲೋ, ಹದಿನಾರೋ? ತರಗತಿಯಲ್ಲೊಂದು ಕೀಟ ಕ್ವಿಜ್

ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ನೋಡಿದ ಮಕ್ಕಳಿಗೆ ಕ್ವಿಜ್ ಎಂದರೆ ಏನೆಂದು ವಿವರಿಸಬೇಕಿಲ್ಲ. ತರಗತಿಯಲ್ಲಿ ಅದನ್ನೇ ಹಾಗೆಯೇ ಆಡಿಸಲು ಹೋದರೆ ಮಾತ್ರ ಕೆಡುತ್ತದೆ. ಟಿ.ವಿ.ಯಲ್ಲಿ ಕೂರುವವರು ಬೆರಳೆಣಿಕೆಯಷ್ಟು ಜನ. ಆರನೇ ತರಗತಿಯಲ್ಲಿ ಮೂವತ್ತೆರಡು ಮಕ್ಕಳಿದ್ದರೆ, ಮೊದಲು ಕೈ ಎತ್ತುವ ಇಬ್ಬರು ಮೂವರೇ ಎಲ್ಲ ಉತ್ತರ ಹೇಳಿಬಿಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಕೀಟಗಳ ಬಗ್ಗೆ ಕ್ವಿಜ್ ಮಾಡುವಾಗ ಇದು ಇನ್ನೂ ದೊಡ್ಡ ನಷ್ಟ. ಏಕೆಂದರೆ ಕೀಟ ಕೈಗೆಟಕುವ ಪ್ರಾಣಿ. ಬಾಯಿಪಾಠ ಮಾಡಿ ಉತ್ತರಿಸುವುದಕ್ಕಿಂತ ಕಣ್ಣಿಟ್ಟು ನೋಡಿ ಉತ್ತರಿಸುವುದಕ್ಕೆ ಇಷ್ಟು ಅನುಕೂಲವಾದ ವಿಷಯ ಶಾಲೆಯಲ್ಲಿ ಮತ್ತೊಂದು ಸಿಗುವುದು ಕಷ್ಟ. ನೋಡಿದವರಿಗೆ ಅಂಕ ಸಿಗುವಂತೆ ಆಟವನ್ನು ಹೇಗೆ ಕಟ್ಟಬೇಕು ಎಂಬುದೇ ಇಲ್ಲಿನ ವಿಚಾರ.

ಮಕ್ಕಳನ್ನು ಎಂಟೆಂಟರಂತೆ ನಾಲ್ಕು ತಂಡ ಮಾಡಿ. ತುಡುವೆ, ಮಿಂಚುಹುಳು, ಏರೋಪ್ಲೇನ್ ಚಿಟ್ಟೆ, ಜೀರುಂಡೆ ಎಂದು ಹೆಸರಿಡಿ. ತಂಡಕ್ಕೊಂದು ಸ್ಲೇಟು, ಒಂದು ಬಳಪ. ಬೆಲ್ ಬೇಡ, ಬಜರ್ ಬೇಡ. ಪ್ರಶ್ನೆ ಕೇಳಿದ ಮೇಲೆ ಅರ್ಧ ನಿಮಿಷ ಚರ್ಚೆ, ಆಮೇಲೆ ನಾಲ್ಕೂ ತಂಡಗಳು ಒಟ್ಟಿಗೆ ಸ್ಲೇಟು ಎತ್ತಬೇಕು. ‘ಪಾಸ್’ ಪದ್ಧತಿಯನ್ನು ಕೈಬಿಡುವುದಕ್ಕೂ ಕಾರಣವಿದೆ. ನಾಲ್ಕು ಆಯ್ಕೆಗಳ ಪ್ರಶ್ನೆ ಮೂರು ತಂಡಗಳಲ್ಲಿ ತಪ್ಪಾಗಿ ನಾಲ್ಕನೆಯದಕ್ಕೆ ಬಂದರೆ, ಆ ತಂಡಕ್ಕೆ ಏನೂ ಗೊತ್ತಿಲ್ಲದಿದ್ದರೂ ಉಳಿದಿರುವ ಒಂದೇ ಆಯ್ಕೆ ಹೇಳಿ ಅಂಕ ಹೊಡೆಯುತ್ತದೆ.

ಮೊದಲ ಸುತ್ತು ‘ಕೀಟವೋ, ಅಲ್ಲವೋ’. ಎಂಟು ಚಿತ್ರಗಳು ಸಾಕು: ನೊಣ, ಜೇಡ, ಇರುವೆ, ಚೇಳು, ತಿಗಣೆ, ಉಣುಗು, ಸಹಸ್ರಪದಿ, ಎರೆಹುಳು. ಹೌದು, ಅಲ್ಲ ಎಂಬ ಪ್ರಶ್ನೆಯಲ್ಲಿ ಕಣ್ಣು ಮುಚ್ಚಿ ಬರೆದರೂ ಸುಮಾರು ಅರ್ಧ ಸರಿಯಾಗುತ್ತದೆ. ಅದಕ್ಕೆ ಉತ್ತರಕ್ಕೆ ಎರಡೇ ಅಂಕ, ಕಾರಣಕ್ಕೆ ಮೂರು. ಕಾರಣ ಹೇಳುವವರು ಪ್ರತಿ ಸಲ ಬೇರೆ ಮಗುವಾಗಿರಬೇಕು. ಎಂಟು ಚಿತ್ರ, ಎಂಟು ಮಕ್ಕಳು. ಸ್ಕ್ರಿಪ್ಟ್‌ನಲ್ಲಿ ಅದು ಹೀಗಿರುತ್ತದೆ:

ಟೀಚರ್: ಆರನೇ ಚಿತ್ರ. ಉಣುಗು. ದನದ ಕಿವಿಯಲ್ಲಿ, ನಾಯಿಯ ಕತ್ತಿನಲ್ಲಿ ನೋಡಿರುತ್ತೀರಿ. ಕೀಟವೋ, ಅಲ್ಲವೋ? ಸ್ಲೇಟು ಎತ್ತಿ.

ಮಿಂಚುಹುಳು ತಂಡ: ಕೀಟ ಟೀಚರ್. ತಿಗಣೆ ಥರಾನೇ ರಕ್ತ ಕುಡಿಯುತ್ತೆ.

ಟೀಚರ್: ಏನು ಕುಡಿಯುತ್ತೆ ಅಂತ ಕೇಳಲಿಲ್ಲಪ್ಪ. ಮೈ ನೋಡಿ ಹೇಳು.

ತುಡುವೆ ತಂಡ: ಅಲ್ಲ ಟೀಚರ್. ಎಂಟು ಕಾಲಿದೆ, ಮೀಸೆ ಇಲ್ಲ.

ತುಡುವೆ ತಂಡಕ್ಕೆ ಐದು ಅಂಕ. ತಿಗಣೆ, ಉಣುಗು ಎರಡೂ ರಕ್ತ ಹೀರುತ್ತವೆ. ಆದರೆ ತಿಗಣೆಗೆ ಆರು ಕಾಲು, ತಲೆಯ ಮೇಲೆ ಎರಡು ಮೀಸೆ ಇದೆ. ಉಣುಗು ಜೇಡ, ಚೇಳುಗಳ ಬಳಗಕ್ಕೆ ಸೇರಿದ್ದು. ಈ ಜೋಡಿಯನ್ನು ಬೇಕೆಂದೇ ಅಕ್ಕಪಕ್ಕ ಇಟ್ಟಿದ್ದೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದು ಉಣುಗಿನಿಂದ. ಮಲೆನಾಡಿನ ಮಗು ಅದನ್ನು ಗುರುತು ಹಿಡಿಯಲು ಕಲಿಯಬೇಕು. ಇಲ್ಲೊಂದು ಎಚ್ಚರ: ಮೊಟ್ಟೆಯೊಡೆದು ಬಂದ ಮರಿ ಉಣುಗಿಗೆ ಆರೇ ಕಾಲಿರುತ್ತವೆ. ಚಿತ್ರ ಬೆಳೆದ ಉಣುಗಿನದೇ ಆಗಿರಲಿ, ಇಲ್ಲದಿದ್ದರೆ ಪ್ರಶ್ನೆಯೇ ತಪ್ಪಾಗುತ್ತದೆ.

ಎರಡನೇ ಸುತ್ತನ್ನು ಬೇಗ ಮುಗಿಸಬಹುದು. ಪ್ರತಿ ತಂಡಕ್ಕೂ ಎರಡು ಲಕೋಟೆ. ಒಂದರಲ್ಲಿ ಚಿಟ್ಟೆಯ ಬದುಕಿನ ನಾಲ್ಕು ಹಂತಗಳ ಚಿತ್ರ, ಇನ್ನೊಂದರಲ್ಲಿ ಮಿಡತೆಯದು. ಕ್ರಮವಾಗಿ ಜೋಡಿಸಬೇಕು. ಎರಡನೇ ಲಕೋಟೆಯಲ್ಲಿ ಒಂದು ಪ್ಯೂಪಾ ಚಿತ್ರವನ್ನು ಸುಮ್ಮನೆ ಸೇರಿಸಿರುತ್ತೇವೆ. ಮಿಡತೆಗೆ ಆ ಹಂತವೇ ಇಲ್ಲ. ಮರಿ ಮಿಡತೆ ತಾಯಿಯಂತೆಯೇ ಕಾಣುತ್ತದೆ, ಪೊರೆ ಕಳಚುತ್ತಾ ಕಳಚುತ್ತಾ ರೆಕ್ಕೆ ಪಡೆಯುತ್ತದೆ. ಬೇಡದ ಚಿತ್ರವನ್ನು ಪಕ್ಕಕ್ಕೆ ಎತ್ತಿಟ್ಟ ತಂಡಕ್ಕೆ ಹತ್ತು ಅಂಕ, ಅದನ್ನೂ ಸೇರಿಸಿ ಜೋಡಿಸಿದವರಿಗೆ ಸೊನ್ನೆ. ಚಿಟ್ಟೆಯದಕ್ಕೂ ಹತ್ತು.

ಮೂರನೇ ಸುತ್ತು ‘ನಾನು ಯಾರು?’ ಒಂದು ಒಗಟಿಗೆ ಮೂರು ಸುಳಿವು. ಮೊದಲನೆಯದಕ್ಕೇ ಬರೆದರೆ ಹದಿನೈದು, ಎರಡನೆಯದಕ್ಕೆ ಹತ್ತು, ಮೂರನೆಯದಕ್ಕೆ ಐದು. ಆದರೆ ಒಮ್ಮೆ ಬರೆದರೆ ಮುಗಿಯಿತು, ತಿದ್ದುವಂತಿಲ್ಲ. ತಪ್ಪಾದರೆ ಅಂಕ ಕಳೆಯುವುದು ಬೇಡ. ಕಳೆಯುವ ಭಯವಿದ್ದರೆ ಹಿಂಜರಿಯುವ ಮಕ್ಕಳು ಬಾಯೇ ಬಿಡುವುದಿಲ್ಲ. ಆ ಒಗಟಿನ ಮುಂದಿನ ಸುಳಿವುಗಳ ಅವಕಾಶ ಹೋಗುವುದೇ ಸಾಕಷ್ಟು ಶಿಕ್ಷೆ.

ಟೀಚರ್: ಮೊದಲ ಸುಳಿವು. ಗೂಡು ಕಟ್ಟಲು ಬೇಕಾದ ದಾರ ನನ್ನ ಬಳಿ ಇಲ್ಲ, ನನ್ನ ಮರಿಯ ಬಾಯಲ್ಲಿದೆ.

ಜೀರುಂಡೆ ತಂಡ: (ಸ್ಲೇಟಿನಲ್ಲಿ) ರೇಷ್ಮೆ ಹುಳು.

ಟೀಚರ್: ಎರಡನೆಯದು. ಮಣ್ಣಿನಲ್ಲಿ ನನ್ನ ಮನೆ ಹುಡುಕಬೇಡಿ, ಮಾವಿನ ಮರದ ಹಸಿರೆಲೆಗಳ ನಡುವೆ ಹುಡುಕಿ. ಮೂರನೆಯದು. ಮಲೆನಾಡಿನ ಕೆಲವು ಮನೆಗಳಲ್ಲಿ ನನ್ನಿಂದ ಚಟ್ನಿ ಅರೆಯುತ್ತಾರೆ.

ಮೂರನೆಯದಕ್ಕೆ ಕೇಕೆ ಏಳುತ್ತದೆ. ಉತ್ತರ ಚಗಳಿ ಇರುವೆ. ದೊಡ್ಡ ಇರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಎಳೆದು ಹಿಡಿಯುತ್ತವೆ. ಇನ್ನು ಕೆಲವು ತಮ್ಮ ಗೂಡಿನ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಂದು, ಈ ಅಂಚಿನಿಂದ ಆ ಅಂಚಿಗೆ ಸೂಜಿಯಂತೆ ಆಡಿಸುತ್ತವೆ. ಮರಿಯ ಬಾಯಿಂದ ಬರುವ ನೂಲೇ ಎಲೆಗಳನ್ನು ಬೆಸೆಯುತ್ತದೆ. ಕಟ್ಟುವುದು ದೊಡ್ಡ ಇರುವೆ, ನೂಲು ಮರಿಯದು. ಜೀರುಂಡೆ ತಂಡದ ಉತ್ತರ ಹತ್ತಿರ ಬಂದರೂ ತಪ್ಪು, ಏಕೆಂದರೆ ರೇಷ್ಮೆ ಹುಳು ತನ್ನ ನೂಲಿನಿಂದ ತಾನೇ ಗೂಡು ಕಟ್ಟಿಕೊಳ್ಳುತ್ತದೆ. ಮೊದಲ ಸುಳಿವು ಹೀಗಿರಬೇಕು: ಕಷ್ಟವಿರಲಿ, ಆದರೆ ಅದೊಂದರಿಂದಲೇ ಉತ್ತರ ತೀರ್ಮಾನವಾಗುವಂತಿರಲಿ. ‘ನನಗೆ ಆರು ಕಾಲಿದೆ’ ಎಂದು ಶುರುಮಾಡಿದರೆ ಅದು ಲಾಟರಿ. ಊರೂರಿಗೆ ಹೆಸರು ಬದಲಾಗುವುದರಿಂದ ಕೆಂಜಿಗ ಎಂದು ಬರೆದರೂ ಅಂಕ ಕೊಡಿ. ಬರೀ ‘ಇರುವೆ’ ಎಂದವರಿಗೆ ಎಲೆಗೂಡಿನ ಚಿತ್ರ, ಮಣ್ಣಿನ ಗೂಡಿನ ಚಿತ್ರ ಎರಡನ್ನೂ ತೋರಿಸಿ, ಯಾವುದೆಂದು ಬೆರಳಿಟ್ಟು ತೋರಿಸಲು ಹೇಳಿ.

ಇನ್ನು ಅಚ್ಚರಿಯ ಪ್ರಶ್ನೆಗಳು. ಅವಕ್ಕೆ ಬೇರೆ ಸುತ್ತು ಇಟ್ಟರೆ ಅಚ್ಚರಿ ಎಲ್ಲಿ ಉಳಿಯಿತು? ಒಂದು ಅಲಾರಾಂ ಗಡಿಯಾರವನ್ನು ಬೀರುವಿನಲ್ಲಿಡಿ. ಯಾವಾಗ ಹೊಡೆಯಬೇಕೆಂದು ಬೇರೆ ತರಗತಿಯ ಶಿಕ್ಷಕರೊಬ್ಬರು ಗುಟ್ಟಾಗಿ ತಿರುಗಿಸಿಟ್ಟಿರಲಿ. ಅದು ಹೊಡೆದಾಗ ನಡೆಯುತ್ತಿರುವ ಪ್ರಶ್ನೆ ಮುಗಿಸಿ, ಬಣ್ಣದ ಲಕೋಟೆ ಒಡೆಯಬೇಕು. ಇಡೀ ಆಟದಲ್ಲಿ ಎರಡು ಸಲ, ಹತ್ತು ಅಂಕದ ಒಂದೊಂದು ಪ್ರಶ್ನೆ.

ಮೊದಲ ಲಕೋಟೆಯೊಂದಿಗೆ ಒಂದು ಡಬ್ಬಿಯೂ ಬರುತ್ತದೆ. ಒಳಗೆ ಹಿಪ್ಪುನೇರಳೆ ಸೊಪ್ಪಿನ ಮೇಲೆ, ನಾಲ್ಕನೇ ಜ್ವರ ಕಳೆದ ರೇಷ್ಮೆ ಹುಳು.

ಟೀಚರ್: ಈ ಹುಳುವಿಗೆ ಕಾಲು ಎಷ್ಟು? ಭೂತಗನ್ನಡಿಯಲ್ಲಿ ನೋಡಿ. ತಂಡಕ್ಕೆ ಎರಡು ನಿಮಿಷ.

ಏರೋಪ್ಲೇನ್ ಚಿಟ್ಟೆ ತಂಡ: ಆರು ಟೀಚರ್. ಕೀಟಕ್ಕೆ ಆರೇ ಅಂತ ಪುಸ್ತಕದಲ್ಲಿದೆ.

ತುಡುವೆ ತಂಡ: ಹದಿನಾರು. ಎಣಿಸಿಬಿಟ್ವಿ ಟೀಚರ್!

ಇಲ್ಲಿ ಗಲಾಟೆ ಏಳುತ್ತದೆ, ಏಳಲೇಬೇಕು. ತಲೆಯ ಹಿಂದೆಯೇ ಮೂರು ಜೊತೆ ಚೂಪಾದ, ಗೆಣ್ಣುಗಳಿರುವ ಪುಟ್ಟ ಕಾಲುಗಳಿವೆ. ಸ್ವಲ್ಪ ಜಾಗ ಬಿಟ್ಟು ಹೊಟ್ಟೆಯ ಭಾಗದಲ್ಲಿ ನಾಲ್ಕು ಜೊತೆ, ತುದಿಯಲ್ಲಿ ಒಂದು ಜೊತೆ, ದಪ್ಪಗೆ ಮೆತ್ತಗಿರುವ ಕಾಲುಗಳಿವೆ. ಅವುಗಳಿಂದಲೇ ಹುಳು ಕಡ್ಡಿಯನ್ನು ಬಿಗಿಯಾಗಿ ಹಿಡಿಯುವುದು. ಒಟ್ಟು ಹದಿನಾರು. ಹುಳು ಗೂಡು ಕಟ್ಟಿ, ಪ್ಯೂಪಾ ಆಗಿ, ಪತಂಗವಾಗಿ ಹೊರಬಂದಾಗ ಹಿಂದಿನ ಹತ್ತು ಇರುವುದಿಲ್ಲ, ಆರು ಕಾಲು ಮಾತ್ರ. ಪುಸ್ತಕ ಹೇಳುವ ಆರು ಮುಂದಿನ ಮೂರು ಜೊತೆಯ ಲೆಕ್ಕ.

ಅಂಕ ಯಾರಿಗೆ? ನನ್ನ ತೀರ್ಪು ಹೀಗೆ. ಎಣಿಸಿ ಹದಿನಾರು ಎಂದವರಿಗೆ ಐದು. ಆರು ಎಂದವರು ಆ ಆರು ಯಾವುವೆಂದು ಹುಳುವಿನ ಮೇಲೆ ತೋರಿಸಿದರೆ ಅವರಿಗೂ ಐದು. ಎರಡು ಬಗೆಯ ಕಾಲುಗಳಿವೆ ಎಂದು ಕಂಡು ಹೇಳಿದವರಿಗೆ ಹತ್ತು. ಪುಸ್ತಕದಲ್ಲಿದೆ ಎಂದಷ್ಟೇ ಹೇಳಿದವರಿಗೆ ಅಂಕವಿಲ್ಲ. ಅದು ಕಠಿಣ ಎನಿಸಬಹುದು, ಆದರೆ ಹುಳು ಎದುರಿಗಿದ್ದೂ ನೋಡದ ಉತ್ತರಕ್ಕೆ ಅಂಕ ಕೊಟ್ಟರೆ ಹುಳು ತಂದದ್ದೇಕೆ?

ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ರೇಷ್ಮೆ ಹುಳು ಸುಲಭವಾಗಿ ಸಿಗುತ್ತದೆ. ತಂದ ಹುಳುವನ್ನು ಮತ್ತೆ ಸಾಕಣೆ ಮನೆಗೆ ಸೇರಿಸಬೇಡಿ, ಹೊರಗಿನ ಸೋಂಕು ಮಿಕ್ಕ ಹುಳುಗಳಿಗೆ ತಗಲಬಹುದು. ರೇಷ್ಮೆ ಇಲ್ಲದ ಊರಿನಲ್ಲಿ ಕರಿಬೇವು ಅಥವಾ ನಿಂಬೆ ಗಿಡದ ಎಲೆ ಮೇಲೆ ಚಿಟ್ಟೆಯ ಹಸಿರು ಮರಿಹುಳು ಸಿಗುತ್ತದೆ, ಅದಕ್ಕೂ ಹದಿನಾರೇ. ಆದರೆ ಮೈಯನ್ನು ಕಮಾನಿನಂತೆ ಎತ್ತಿ ಅಳೆಯುತ್ತಾ ನಡೆಯುವ ಹುಳು ತಂದೀರಿ ಜೋಕೆ. ಅದಕ್ಕೆ ಸಾಮಾನ್ಯವಾಗಿ ಹತ್ತೇ ಕಾಲು, ನಿಮ್ಮ ಉತ್ತರ ಪತ್ರಿಕೆ ತಲೆಕೆಳಗಾಗುತ್ತದೆ. ಹಾಗಾಗಿ ಆಟಕ್ಕೆ ಮೊದಲು ಟೀಚರ್ ತಾವೇ ಒಮ್ಮೆ ಎಣಿಸಿರಬೇಕು. ಕಂಬಳಿಹುಳುವಂತೂ ಬೇಡವೇ ಬೇಡ, ರೋಮ ತಗುಲಿದರೆ ಮೈಯೆಲ್ಲ ತುರಿಕೆ.

ಎರಡನೇ ಲಕೋಟೆಯಲ್ಲಿ ಒಂದೇ ಸಾಲು: ಗೋಡೆಯ ಮೇಲೆ ಹೊಡೆದ ಸೊಳ್ಳೆಯಿಂದ ಆದ ಕೆಂಪು ಕಲೆ ಯಾರ ರಕ್ತ? ‘ಸೊಳ್ಳೆಯದು’ ಎಂಬ ಉತ್ತರವೇ ಹೆಚ್ಚು ಬರುತ್ತದೆ. ನಮ್ಮ ರಕ್ತ ಕೆಂಪಗಿರುವುದು ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಿಂದ. ಕೀಟದ ಮೈಯ ಎರಡೂ ಬದಿಯಲ್ಲಿ ಸಣ್ಣ ರಂಧ್ರಗಳಿದ್ದು, ಅಲ್ಲಿಂದ ಹೊರಟ ಕೊಳವೆಗಳು ಗಾಳಿಯನ್ನು ನೇರವಾಗಿ ಅಂಗಾಂಗಗಳಿಗೆ ಮುಟ್ಟಿಸುತ್ತವೆ. ಆಮ್ಲಜನಕ ಹೊರುವ ಕೆಲಸ ರಕ್ತಕ್ಕಿಲ್ಲದ ಕಾರಣ ಬಹುಪಾಲು ಕೀಟಗಳ ರಕ್ತಕ್ಕೆ ಬಣ್ಣವಿಲ್ಲ, ಇಲ್ಲವೇ ತೆಳು ಹಳದಿ, ಹಸಿರು. ಗೋಡೆಯ ಕಲೆ ನಮ್ಮದೋ, ಮನೆಯ ದನದ್ದೋ. ‘ಹೆಣ್ಣು ಸೊಳ್ಳೆ ಹೀರಿದ ರಕ್ತ’ ಎಂದು ಬರೆದವರಿಗೆ ಪೂರ್ತಿ ಹತ್ತು, ಏಕೆಂದರೆ ಗಂಡು ಸೊಳ್ಳೆ ಕಚ್ಚುವುದೇ ಇಲ್ಲ.

ಲೆಕ್ಕ ಕೂಡಿಸಿ ನೋಡಿ: ಮೊದಲ ಸುತ್ತಿಗೆ 40, ಎರಡನೆಯದಕ್ಕೆ 20, ಮೂರು ಒಗಟಿಗೆ 45, ಅಚ್ಚರಿಗೆ 20. ಒಟ್ಟು 125. ಕೊನೆಯ ಪ್ರಶ್ನೆಗೆ ಐವತ್ತು ಅಂಕವಿಟ್ಟು ಕುತೂಹಲ ಹುಟ್ಟಿಸುವ ಆಸೆ ಹಲವರಿಗೆ ಆಗುತ್ತದೆ. ಹಾಗೆ ಮಾಡಿದರೆ ಮೊದಲ ಸುತ್ತಿನಲ್ಲಿ ಎಂಟು ಮಕ್ಕಳು ಸೇರಿ ಗಳಿಸಿದ 40 ಒಂದೇ ಏಟಿಗೆ ಬೆಲೆ ಕಳೆದುಕೊಳ್ಳುತ್ತದೆ. ಇದಕ್ಕೆಲ್ಲ ಒಂದು ಪೀರಿಯಡ್ ಸಾಲದು, ಎರಡನ್ನು ಜೋಡಿಸಿಕೊಳ್ಳಿ.

ಕಡೆಗೊಂದು ಮಾತು ಶಿಕ್ಷಕರಿಗೆ. ‘ಪ್ರಪಂಚದಲ್ಲಿ ಎಷ್ಟು ಬಗೆಯ ಕೀಟಗಳಿವೆ’ ಎಂಬಂಥ ಪ್ರಶ್ನೆ ಇಡಬೇಡಿ. ಇದುವರೆಗೆ ಹೆಸರಿಟ್ಟವೇ ಸುಮಾರು ಹತ್ತು ಲಕ್ಷ, ಹೆಸರಿಡದವು ಎಷ್ಟೆಂಬುದರಲ್ಲಿ ವಿಜ್ಞಾನಿಗಳಿಗೇ ಒಮ್ಮತವಿಲ್ಲ. ಪ್ರಶ್ನೆಗಳನ್ನೆಲ್ಲ ಬರೆದ ಮೇಲೆ ಶಾಲೆಯ ಕೈತೋಟಕ್ಕೊಮ್ಮೆ ಹೋಗಿ, ಅವುಗಳಲ್ಲಿ ಎಷ್ಟಕ್ಕೆ ಉತ್ತರ ಅಲ್ಲೇ ಕಣ್ಣಿಗೆ ಬೀಳುತ್ತದೆ ನೋಡಿ. ಅರ್ಧಕ್ಕಿಂತ ಕಡಿಮೆಯಾದರೆ ಪಟ್ಟಿಯನ್ನು ಹರಿದು ಮತ್ತೆ ಬರೆಯಿರಿ.