ಇಡೀ ತರಗತಿಗೆ ಒಂದೇ ಕಾರ್ಡು

ಕೈಯಲ್ಲಿ ಮಾಡಿದ ಗ್ರೀಟಿಂಗ್ ಕಾರ್ಡು ಮಾರಲು ಹೊರಟ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ಮೂವತ್ತು ನಲವತ್ತು ಚಿಕ್ಕ ಕಾರ್ಡು ಮಾಡಿ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ. ‘ಚೆನ್ನಾಗಿದೆ’ ಎನ್ನುವವರು ಬಹಳ ಮಂದಿ ಸಿಗುತ್ತಾರೆ, ‘ಎಷ್ಟು?’ ಎಂದು ಕೇಳುವವರು ಕಡಿಮೆ. ಹಬ್ಬದ ಶುಭಾಶಯವೆಲ್ಲ ಮೊಬೈಲಿನಲ್ಲೇ ಮುಗಿಯುವ ಈ ಕಾಲದಲ್ಲಿ ಕಾಗದದ ಕಾರ್ಡಿಗೆ ಬೇಡಿಕೆ ಉಳಿದಿರುವುದು ಕೈಯಾರೆ ಕೊಡಬೇಕಾದ ಸಂದರ್ಭಗಳಲ್ಲಿ ಮಾತ್ರ. ಕಾಲೇಜಿನೊಳಗೆ ಅಂಥ ದೊಡ್ಡ ಸಂದರ್ಭವೆಂದರೆ ಸೆಪ್ಟೆಂಬರ್ 5ರ ಶಿಕ್ಷಕರ ದಿನ. ಅದು ರಾಧಾಕೃಷ್ಣನ್ ಅವರ ಜನ್ಮದಿನ. 1918ರಿಂದ 1921ರವರೆಗೆ ಅವರು ತತ್ತ್ವಶಾಸ್ತ್ರ ಬೋಧಿಸಿದ್ದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ.

ಆಗಸ್ಟ್ 7ಕ್ಕೆ ಶುರು ಮಾಡಿದರೆ ಸರಿಯಾಗಿ ಮೂವತ್ತು ದಿನ ಸಿಗುತ್ತದೆ. ಮೈಸೂರಿನಲ್ಲೇ ಬಿ.ಕಾಂ. ಓದುತ್ತಿರುವ ಹುಡುಗಿಯೊಬ್ಬಳು ಸಾವಿರ ರೂಪಾಯಿ ಇಟ್ಟುಕೊಂಡು ಹೊರಟಿದ್ದಾಳೆ ಎಂದಿಟ್ಟುಕೊಳ್ಳೋಣ. ಮೊದಲ ವಾರದಲ್ಲಿ ಅವಳು ಎರಡು ಬಗೆಯ ಕಾರ್ಡು ಮಾಡಿ, ಪ್ರತಿಯೊಂದಕ್ಕೂ ಹಿಡಿದ ಹೊತ್ತನ್ನು ಬರೆದಿಡಬೇಕು. ಚಿಕ್ಕ ಕಾರ್ಡಿನ ಸಾಮಾನಿಗೆ 12 ರೂಪಾಯಿ, ಮಾಡಲು ಮುಕ್ಕಾಲು ಗಂಟೆ. 40 ರೂಪಾಯಿಗೆ ಮಾರಿದರೆ ಉಳಿಯುವುದು 28, ಅಂದರೆ ಗಂಟೆಗೆ ಸುಮಾರು 37 ರೂಪಾಯಿ. ಇನ್ನೊಂದು ಬಗೆ, ಇಡೀ ತರಗತಿ ಸೇರಿ ಮೇಷ್ಟರಿಗೆ ಕೊಡುವ ದೊಡ್ಡ ಕಾರ್ಡು. ಸಾಮಾನಿಗೆ 50 ರೂಪಾಯಿ, ಎರಡು ಗಂಟೆ ಕೆಲಸ. ಐವತ್ತು ಮಂದಿ ತಲಾ ಐದು ರೂಪಾಯಿ ಹಾಕಿದರೆ 250 ಆಗುತ್ತದೆ. ಉಳಿಯುವುದು ಗಂಟೆಗೆ 100. ಒಬ್ಬರ ಜೇಬಿಗೆ 40 ರೂಪಾಯಿ ಭಾರ, ತಲೆಗೆ ಐದು ರೂಪಾಯಿ ಯಾರಿಗೂ ಭಾರವಲ್ಲ. ಹಾಗಾಗಿ ಮೊದಲ ತಿಂಗಳು ಚಿಕ್ಕ ಕಾರ್ಡನ್ನು ಪಕ್ಕಕ್ಕಿಡುವುದೇ ಒಳ್ಳೆಯದು.

22 ಇಂಚು ಅಗಲ, 28 ಇಂಚು ಉದ್ದದ ದಪ್ಪ ಡ್ರಾಯಿಂಗ್ ಶೀಟನ್ನು ಅಡ್ಡಕ್ಕೆ ಎರಡಾಗಿ ಕತ್ತರಿಸಿ ಮಡಿಚಿದರೆ 11ಕ್ಕೆ 14 ಇಂಚಿನ ಎರಡು ಕಾರ್ಡು ಬರುತ್ತವೆ, ಚೂರೂ ದಂಡವಾಗದು. ನೇರವಾಗಿ ಮಡಿಚಿದರೆ ದಪ್ಪ ಕಾಗದದ ಅಂಚು ಬಿರಿಯುತ್ತದೆ. ಸ್ಕೇಲು ಇಟ್ಟು, ಮಸಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆದು ಆಮೇಲೆ ಮಡಿಚಬೇಕು. ಫೆವಿಕಾಲ್ ತೆಳುವಾಗಿ ಹಚ್ಚಿ, ರಾತ್ರಿಯಿಡೀ ಪುಸ್ತಕಗಳ ಅಡಿ ಇಡದಿದ್ದರೆ ಕಾಗದ ಸೊಟ್ಟಗಾಗುತ್ತದೆ. ಒಳಪುಟಕ್ಕೆ ಹೊಳಪಿನ ಕಾಗದ ಬೇಡ: ಜೆಲ್ ಪೆನ್ನಿನ ಮಸಿ ಅದರ ಮೇಲೆ ಬೇಗ ಒಣಗದು, ಮುಚ್ಚಿದ ಕೂಡಲೇ ಸಹಿಗಳೆಲ್ಲ ಎದುರು ಪುಟಕ್ಕೆ ಅಂಟುತ್ತವೆ.

ಎರಡನೇ ವಾರ ಕಾರ್ಡು ತೋರಿಸುವ ಕೆಲಸ. ಇಲ್ಲಿ ಗಿರಾಕಿ ಎಂದರೆ ತರಗತಿಯ ಸಿ.ಆರ್. ಮಾತ್ರ, ಏಕೆಂದರೆ ದುಡ್ಡು ಎತ್ತುವುದು ಅವರೇ. ಮೊದಲು ಪ್ರಾಂಶುಪಾಲರ ಒಪ್ಪಿಗೆ ಪಡೆದು, ಒಂದು ಮಾದರಿಗೆ ತನ್ನ ತರಗತಿಯವರಿಂದಲೇ ಸಹಿ ಹಾಕಿಸಿಕೊಂಡು ಹೋಗಬೇಕು. ಸಹಿ ತುಂಬಿದ ಕಾರ್ಡನ್ನು ಕೈಯಲ್ಲಿ ಹಿಡಿದಾಗ ಹುಟ್ಟುವ ಆಸೆ ಖಾಲಿ ಕಾರ್ಡಿನಿಂದ ಹುಟ್ಟದು. ಹತ್ತು ಸಿ.ಆರ್.ಗಳಿಗೆ ತೋರಿಸಿಯೂ ಒಬ್ಬರೂ ಮುಂಗಡ ಕೊಡದಿದ್ದರೆ, ಕಾಗದ ಕೊಳ್ಳುವುದನ್ನು ನಿಲ್ಲಿಸಿ ಬೆಲೆಯನ್ನೋ ವಿನ್ಯಾಸವನ್ನೋ ಬದಲಿಸಬೇಕು. ಗೆಳೆಯರ ಮೆಚ್ಚುಗೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಪರಿಚಯವಿಲ್ಲದ ತರಗತಿಯ ಮುಂಗಡವೇ ನಿಜವಾದ ಬೇಡಿಕೆ.

ಮೂರನೇ ವಾರದಿಂದ ಆರ್ಡರು. ಅರ್ಧ ದುಡ್ಡು ಮೊದಲೇ ಯುಪಿಐ ಮೂಲಕ ಬರಬೇಕು, ಅದರಿಂದಲೇ ಮುಂದಿನ ಕಾಗದ ಬರುತ್ತದೆ. ಮೇಷ್ಟರ ಹೆಸರನ್ನು ಬಾಯಿಮಾತಿನಲ್ಲಿ ಕೇಳಿ ಬರೆಯದೆ ಮೆಸೇಜಿನಲ್ಲೇ ತರಿಸಿಕೊಳ್ಳಬೇಕು. ಶಶಿಕಲಾ ಮೇಡಂ ಹೆಸರು ‘ಶಷಿಕಳಾ’ ಆದರೆ ಎಷ್ಟು ಚಂದದ ಹೂವು ಅಂಟಿಸಿದ್ದರೂ ಎಲ್ಲರ ಕಣ್ಣು ಅದರ ಮೇಲೇ.

ಈ ಕೆಲಸ ಕೆಡುವುದು ಹೆಚ್ಚಾಗಿ ಕೊನೆಯ ವಾರದಲ್ಲಿ. ಕಾರ್ಡು ಸೆಪ್ಟೆಂಬರ್ 4ರ ಸಂಜೆ ಕೈಗೆ ಸಿಕ್ಕರೆ ಐವತ್ತು ಸಹಿ ಯಾವಾಗ ಬೀಳಬೇಕು? ರಜೆ ಹಾಕಿದವರೂ ಇರುತ್ತಾರೆ. ಸಹಿಗೆ ಎರಡು ದಿನ ಬೇಕಾದ್ದರಿಂದ ಕಾರ್ಡು 2ನೇ ತಾರೀಖೇ ತಲುಪಬೇಕು. ದಿನಕ್ಕೆ ಎರಡೇ ಮಾಡಲು ಸಾಧ್ಯವಾದರೆ ಹನ್ನೆರಡು ಕಾರ್ಡಿಗೆ ಆರು ದಿನ. ಹಾಗಾಗಿ ಆಗಸ್ಟ್ 26ಕ್ಕೆ ಆರ್ಡರು ಬಂದ್. ಆಮೇಲೆ ಬಂದವರಿಗೆ ಇಲ್ಲ ಎನ್ನುವುದು ಕಷ್ಟ, ಆದರೆ ಒಪ್ಪಿಕೊಂಡು ತಡ ಮಾಡಿದರೆ ಆ ಕಾಲೇಜಿನ ಬಾಗಿಲು ಮುಚ್ಚಿದಂತೆಯೇ.

ಹನ್ನೆರಡು ಕಾರ್ಡಿನಿಂದ ಬರುವುದು 3,000 ರೂಪಾಯಿ, ಸಾಮಾನಿನ ಖರ್ಚು ಕಳೆದು 2,400. ಪ್ರತಿ ಕಾರ್ಡಿನ ಹಿಂಬದಿಯಲ್ಲಿ ಸಣ್ಣದಾಗಿ ಹೆಸರು, ಫೋನ್ ನಂಬರು ಇರಲಿ. ಮುಂದಿನ ಆರ್ಡರಿಗೆ ಇನ್ನೊಂದು ಶಿಕ್ಷಕರ ದಿನದವರೆಗೆ ಕಾಯಬೇಕಿಲ್ಲ. ಸರ್ಕಾರಿ ನೌಕರರು ನಿವೃತ್ತರಾಗುವುದು ತಿಂಗಳ ಕೊನೆಯ ದಿನ. ಸಹೋದ್ಯೋಗಿಗಳೆಲ್ಲ ಸಹಿ ಹಾಕಿ ಕೊಡುವ ಬೀಳ್ಕೊಡುಗೆ ಕಾರ್ಡನ್ನು ಸೆಪ್ಟೆಂಬರ್ ಎರಡನೇ ವಾರವೇ ಹತ್ತಿರದ ಕಚೇರಿಗಳಿಗೆ ಒಯ್ದು ತೋರಿಸಿ.