ತೇರಿನ ಚಿತ್ರಕ್ಕೆ ಅಂಕ ಏಕೆ ಬರುವುದಿಲ್ಲ

ಮಕ್ಕಳಿಗಾಗಿ ಮಾಡಿದ ಹಲವು ಕಲಿಕಾ ಆ್ಯಪ್‌ಗಳಲ್ಲಿ, ಮಗು ಕಾಗದದ ಮೇಲೆ ಬಿಡಿಸಿದ ಚಿತ್ರದ ಫೋಟೊ ಅಪ್‌ಲೋಡ್ ಮಾಡಿದರೆ ಕೆಲವೇ ಕ್ಷಣಗಳಲ್ಲಿ ಎರಡು ಮೂರು ಸಾಲಿನ ಉತ್ತರ ಬರುತ್ತದೆ. ಅದನ್ನು ಬರೆಯುವುದು ಕೃತಕ ಬುದ್ಧಿಮತ್ತೆಯ ತಂತ್ರಾಂಶ. ಉತ್ತರದ ಧಾಟಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಕೆಂಪು, ಹಳದಿ ಎಷ್ಟು ಗಾಢವಾಗಿ ಹಚ್ಚಿದ್ದೀಯ! ಇಲ್ಲಿ ತುಂಬಾ ಜನ ಸೇರಿದ್ದಾರೆ. ಅವರೆಲ್ಲ ಏನು ಮಾಡುತ್ತಿದ್ದಾರೆ?’ ಹತ್ತಕ್ಕೆ ಇಷ್ಟು ಎಂಬ ಅಂಕ ಇರುವುದಿಲ್ಲ, ತಪ್ಪು ತಿದ್ದುವ ಕೆಂಪು ಗೆರೆಯೂ ಇರುವುದಿಲ್ಲ. ಶಾಲೆಯ ಅಂಕಪಟ್ಟಿಗೆ ಒಗ್ಗಿಹೋದ ತಂದೆತಾಯಿಗೆ ಇದು ಜಾರಿಕೊಳ್ಳುವ ಮಾತಿನಂತೆ ಕಾಣಬಹುದು. ಒಂದು ಮಟ್ಟಿಗೆ ಅದು ಜಾರಿಕೊಳ್ಳುವ ಮಾತೇ ಹೌದು. ಆದರೆ ಹಾಗಿರುವುದಕ್ಕೆ ಗಟ್ಟಿಯಾದ ಕಾರಣಗಳಿವೆ.

ಆರು ವರ್ಷದ ಮಗುವೊಂದು ಊರ ಜಾತ್ರೆಯ ತೇರನ್ನು ಬಿಡಿಸಿದೆ ಎಂದುಕೊಳ್ಳಬಹುದು. ಕಾಗದದ ನಡುವೆ ಕ್ರೇಯಾನ್‌ನಲ್ಲಿ ಕೆಂಪು ಹಳದಿ ಪಟ್ಟೆಗಳ ಗೋಪುರ, ಅದರ ತುದಿಗೆ ಬಾವುಟ. ಕೆಳಗೆ ನಾಲ್ಕು ಚಕ್ರ. ಪಕ್ಕದಿಂದ ನೋಡಿದರೆ ಎರಡೇ ಕಾಣಬೇಕಾಗಿದ್ದರೂ ನಾಲ್ಕೂ ಸಾಲಾಗಿ ಪೂರ್ತಿ ದುಂಡಗೆ ನಿಂತಿವೆ. ತೇರಿನ ಗೋಡೆಯ ಮೂಲಕವೇ ಒಳಗಿನ ದೇವರು ಕಾಣುತ್ತಾನೆ. ಪೆನ್ಸಿಲ್‌ನಲ್ಲಿ ತೆಳ್ಳಗೆ ಎಳೆದ ಹಗ್ಗವನ್ನು ಒಂದೇ ಎತ್ತರದ ಎಂಟು ಜನ ಹಿಡಿದಿದ್ದಾರೆ. ಕತ್ತಲಾದ ಮೇಲೆ ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೊ ಆದ್ದರಿಂದ ಮೂಲೆಯಲ್ಲಿ ಫೋನ್ ಹಿಡಿದ ಕೈಯ ನೆರಳೂ ಬಿದ್ದಿದೆ.

ಈ ಫೋಟೊ ಯಂತ್ರದ ಎದುರು ಬಂದಾಗ ಮೊದಲು ಆಗುವುದು ಕುಗ್ಗಿಸುವಿಕೆ. ಫೋನಿನ ಫೋಟೊದಲ್ಲಿ ಉದ್ದಕ್ಕೆ 4000, ಅಗಲಕ್ಕೆ 3000 ಪಿಕ್ಸೆಲ್ ಇದ್ದರೆ ಒಟ್ಟು 1.2 ಕೋಟಿ ಚುಕ್ಕೆಗಳಾದವು. ಚಿತ್ರ ಗುರುತಿಸುವ ತಂತ್ರಾಂಶಗಳು ಅಷ್ಟನ್ನೂ ಹಾಗೆಯೇ ತೆಗೆದುಕೊಳ್ಳುವುದು ವಿರಳ. 2020ರಲ್ಲಿ ಗೂಗಲ್‌ನ ಸಂಶೋಧಕರು ಮುಂದಿಟ್ಟು, ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ವಿಧಾನದ ಮೂಲ ರೂಪದಲ್ಲಿ ಚಿತ್ರವನ್ನು 224 ಪಿಕ್ಸೆಲ್ ಉದ್ದಗಲಕ್ಕೆ ಇಳಿಸಿ, 16 ಪಿಕ್ಸೆಲ್ ಉದ್ದಗಲದ ಪುಟ್ಟ ಚೌಕಗಳಾಗಿ ಕತ್ತರಿಸಲಾಗುತ್ತದೆ. ಅಡ್ಡಕ್ಕೆ 14, ಉದ್ದಕ್ಕೆ 14, ಒಟ್ಟು 196 ಚೌಕಗಳು. ಇತ್ತೀಚಿನ ತಂತ್ರಾಂಶಗಳು ಇದಕ್ಕಿಂತ ಹೆಚ್ಚು ಚುಕ್ಕೆಗಳನ್ನು ಉಳಿಸಿಕೊಳ್ಳುತ್ತವೆ, ಆದರೆ ಕುಗ್ಗಿಸುವ ಕೆಲಸ ಸಾಮಾನ್ಯವಾಗಿ ತಪ್ಪುವುದಿಲ್ಲ.

ಇದರ ಪೆಟ್ಟು ಬೀಳುವುದು ಹಗ್ಗದ ಮೇಲೆ. ಎ-4 ಹಾಳೆಯ ಉದ್ದ 29.7 ಸೆಂಟಿಮೀಟರ್. ಹಾಳೆ ಫೋಟೊ ತುಂಬ ಬಂದಿದ್ದರೆ ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆಗೆ ಸುಮಾರು 7 ಪಿಕ್ಸೆಲ್ ಸಿಗುತ್ತದೆ. 4000ವನ್ನು 224ಕ್ಕೆ ಇಳಿಸಿದಾಗ ಆ ಗೆರೆಗೆ ಉಳಿಯುವುದು ಅರ್ಧ ಪಿಕ್ಸೆಲ್‌ಗಿಂತಲೂ ಕಡಿಮೆ. ಸುತ್ತಲಿನ ಬಿಳುಪಿನಲ್ಲಿ ಕಲಸಿಹೋಗಿ ಅದು ಮಸುಕು ಬೂದುಬಣ್ಣವಾಗುತ್ತದೆ ಇಲ್ಲವೇ ಕಾಣದಂತಾಗುತ್ತದೆ. ಹಗ್ಗ ಹೋದರೆ ತೇರನ್ನು ಎಳೆಯುವ ಜನ ಸುಮ್ಮನೆ ಸಾಲಾಗಿ ನಿಂತವರಾಗಿಬಿಡುತ್ತಾರೆ. ಗಾಢ ಕ್ರೇಯಾನ್ ಬಣ್ಣಗಳು ಮಾತ್ರ ಭದ್ರವಾಗಿ ಉಳಿಯುತ್ತವೆ. ಯಂತ್ರದ ಉತ್ತರಗಳಲ್ಲಿ ಬಣ್ಣದ ಪ್ರಸ್ತಾಪ ಪದೇ ಪದೇ ಬರುವುದಕ್ಕೆ ಇದೂ ಒಂದು ಕಾರಣ: ಬಣ್ಣದ ಬಗ್ಗೆ ಹೇಳಿದ ಮಾತು ತಪ್ಪಾಗುವ ಸಂಭವ ಕಡಿಮೆ.

ಮುಂದಿನ ಹಂತದಲ್ಲಿ ಪ್ರತಿ ಚೌಕವೂ ಸಂಖ್ಯೆಗಳ ಒಂದು ಸಾಲಾಗುತ್ತದೆ. ಆ ಸಂಖ್ಯೆಗಳನ್ನು ಒಂದರೊಡನೊಂದು ತಾಳೆ ನೋಡಿ, ಇದು ದುಂಡಗಿದೆ, ಇದು ಮನುಷ್ಯಾಕೃತಿ ಎಂಬಂಥ ಹೊಳಹುಗಳನ್ನು ತಂತ್ರಾಂಶ ಕಟ್ಟಿಕೊಳ್ಳುತ್ತದೆ. ಆ ಸಾಮರ್ಥ್ಯ ಬರುವುದು ಚಿತ್ರ ಮತ್ತು ಅದರ ವಿವರಣೆಯ ಅಸಂಖ್ಯ ಜೋಡಿಗಳ ತರಬೇತಿಯಿಂದ. 2021ರಲ್ಲಿ ಓಪನ್‌ಎಐ ಸಂಸ್ಥೆ ಪ್ರಕಟಿಸಿದ ‘ಕ್ಲಿಪ್’ ಎಂಬ ತಂತ್ರಾಂಶಕ್ಕೆ ಅಂತರಜಾಲದಿಂದ ಕಲೆಹಾಕಿದ ಇಂಥ 40 ಕೋಟಿ ಜೋಡಿಗಳನ್ನು ಉಣಿಸಲಾಗಿತ್ತು. ಅಲ್ಲಿ ಯಾವುದು ಹೆಚ್ಚಾಗಿದೆಯೋ ಅದನ್ನು ಯಂತ್ರ ಬೇಗ ಗುರುತಿಸುತ್ತದೆ. ಗೂಗಲ್ 2017ರಲ್ಲಿ ಬಿಡುಗಡೆ ಮಾಡಿದ, ಜನ 20 ಸೆಕೆಂಡುಗಳ ಒಳಗೆ ಗೀಚಿದ ಐದು ಕೋಟಿ ರೇಖಾಚಿತ್ರಗಳ ಸಂಗ್ರಹವನ್ನೇ ನೋಡಬಹುದು. ಅದರಲ್ಲಿ 345 ವಿಷಯಗಳಿವೆ. ಐಫೆಲ್ ಗೋಪುರಕ್ಕೂ ಹುಟ್ಟುಹಬ್ಬದ ಕೇಕಿಗೂ ಜಾಗವಿದೆ, ತೇರಿಗಿಲ್ಲ. ಹೀಗಾಗಿ ಪಟ್ಟೆಪಟ್ಟೆಯ ಗೋಪುರ ಮತ್ತು ತುದಿಯ ಬಾವುಟ ಕಂಡಾಗ ಯಂತ್ರ ಕೋಟೆಯನ್ನೋ ಸರ್ಕಸ್ ಡೇರೆಯನ್ನೋ ಊಹಿಸುವ ಸಾಧ್ಯತೆ ಇದ್ದೇ ಇರುತ್ತದೆ. ‘ಎಂಥಾ ಚೆಂದದ ಕೋಟೆ!’ ಎಂಬ ಹೊಗಳಿಕೆ ಮಗುವಿಗೆ ಬೈಗುಳಕ್ಕಿಂತ ಕಡೆಯಾಗಿ ತಟ್ಟಬಹುದು. ಇದನ್ನು ಬಲ್ಲ ಆ್ಯಪ್ ತಯಾರಕರು ಯಂತ್ರಕ್ಕೆ ಮೊದಲೇ ಒಂದು ಲಿಖಿತ ಸೂಚನೆ ಕೊಟ್ಟಿರುತ್ತಾರೆ. ಅದು ತೆರೆಯ ಮೇಲೆ ಕಾಣುವುದಿಲ್ಲ, ಆದರೆ ಪ್ರತಿ ಚಿತ್ರದ ಜೊತೆಗೂ ಒಳಗೆ ಹೋಗುತ್ತದೆ: ಖಚಿತವಿಲ್ಲದ ವಸ್ತುವಿಗೆ ಹೆಸರಿಡಬೇಡ, ಕಂಡದ್ದನ್ನು ಹೇಳು, ಅಂಕ ಕೊಡಬೇಡ, ಒಂದು ಪ್ರಶ್ನೆ ಕೇಳು ಎಂಬ ಧಾಟಿಯಲ್ಲಿ. ಉತ್ತರದ ಸ್ನೇಹಭಾವ, ಅದರ ಅಸ್ಪಷ್ಟತೆ ಎರಡೂ ಬಹುಪಾಲು ಈ ಸೂಚನೆಯಿಂದ ಬಂದವು.

ಸೂಚನೆಯಲ್ಲಿ ಅಂಕ ಕೊಡು ಎಂದು ಬರೆದಿದ್ದರೆ ಯಂತ್ರ ಹಿಂಜರಿಯದೆ ಕೊಡುತ್ತಿತ್ತು. ತೊಂದರೆ ಇರುವುದು ಆ ಅಂಕದ ಅರ್ಥದಲ್ಲಿ. ಉತ್ತರ ಬರೆಯುವ ಭಾಷಾ ತಂತ್ರಾಂಶ ಪ್ರತಿ ಪದವನ್ನೂ ಸಂಭವನೀಯತೆಯ ಲೆಕ್ಕದಲ್ಲಿ ಆರಿಸುವುದರಿಂದ ಅದೇ ತೇರಿಗೆ ಒಮ್ಮೆ ಏಳು, ಮತ್ತೊಮ್ಮೆ ಎಂಟು ಬರಬಹುದು. ನೆರಳಿಲ್ಲದ ಫೋಟೊ ಕಳಿಸಿದರೆ ಅಂಕ ಏರಲೂಬಹುದು. ಆಗ ಅದು ಚಿತ್ರಕ್ಕೆ ಬಂದದ್ದಲ್ಲ, ಬೆಳಕಿಗೆ ಬಂದದ್ದು.

ಅದಕ್ಕಿಂತ ಆಳದ ತೊಡಕು ಅಳತೆಗೋಲಿನದು. ಮಕ್ಕಳ ಚಿತ್ರವನ್ನು ಅಂಕಕ್ಕಿಳಿಸುವ ಪ್ರಯತ್ನ ಹಳೆಯದೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ಲಾರೆನ್ಸ್ ಗುಡ್‌ಇನಫ್ 1926ರಲ್ಲಿ ರೂಪಿಸಿದ ಪರೀಕ್ಷೆಯಲ್ಲಿ ಎಲ್ಲ ಮಕ್ಕಳೂ ಒಬ್ಬ ಮನುಷ್ಯನನ್ನು ಬಿಡಿಸಬೇಕಿತ್ತು. ತಲೆ ಇದೆಯೇ, ತೋಳುಗಳು ಸರಿಯಾದ ಜಾಗಕ್ಕೆ ಅಂಟಿವೆಯೇ, ಬೆರಳು ಎಷ್ಟು ಎಂದು ಒಂದೊಂದಕ್ಕೂ ಅಂಕ. ಚಿತ್ರ ಚೆನ್ನಾಗಿದೆಯೇ ಎಂಬುದು ಅಲ್ಲಿ ಲೆಕ್ಕಕ್ಕೇ ಇರಲಿಲ್ಲ. ಅಳೆಯಲು ಹೊರಟಿದ್ದು ಬುದ್ಧಿಯನ್ನು, ಅದೂ ಎಲ್ಲರಿಗೂ ಒಂದೇ ವಿಷಯ ಕೊಟ್ಟು. ಚಿತ್ರದಿಂದ ಬುದ್ಧಿಯನ್ನು ಅಳೆಯಬಹುದೆಂಬ ಆ ನಂಬಿಕೆಯನ್ನೂ ನಂತರದ ಸಂಶೋಧಕರು ಬಲವಾಗಿ ಪ್ರಶ್ನಿಸಿದ್ದಾರೆ. ಮಗು ತನಗೆ ತೋಚಿದ್ದನ್ನು ಬಿಡಿಸಿದಾಗ ಅಷ್ಟು ಮಟ್ಟಿಗಿನ ಸಮಾನ ನೆಲೆಯೂ ಇರುವುದಿಲ್ಲ.

ಇನ್ನು, ದೊಡ್ಡವರ ಕಣ್ಣಿಗೆ ತಪ್ಪೆನಿಸುವ ನಾಲ್ಕು ಚಕ್ರ, ಗೋಡೆಯಾಚೆಗೂ ಕಾಣುವ ದೇವರು ಈ ವಯಸ್ಸಿಗೆ ಸಹಜ. ಮಗು ಈ ಹಂತದಲ್ಲಿ ಕಣ್ಣಿಗೆ ಕಂಡದ್ದಕ್ಕಿಂತ ತನಗೆ ತಿಳಿದದ್ದನ್ನು ಬಿಡಿಸುತ್ತದೆ ಎಂದು ಫ್ರಾನ್ಸಿನ ಜಾರ್ಜ್-ಹೆನ್ರಿ ಲ್ಯುಕೆ 1927ರಲ್ಲೇ ವಿವರಿಸಿದ್ದರು. ತೇರಿಗೆ ನಾಲ್ಕು ಚಕ್ರ, ಒಳಗೆ ದೇವರು ಎಂಬುದು ಮಗುವಿಗೆ ಗೊತ್ತು, ಗೊತ್ತಿರುವುದನ್ನು ಮುಚ್ಚಿಡುವುದೇಕೆ? ಯಥಾದೃಶ್ಯವನ್ನೇ ಮಾನದಂಡ ಮಾಡಿಕೊಂಡರೆ ಈ ತಿಳಿವಳಿಕೆಗೇ ಅಂಕ ಕಡಿತವಾಗುತ್ತದೆ. ಹಾಳೆ ತುಂಬುವುದಕ್ಕೆ ಮಗುವಿಗೆ ಹತ್ತು ನಿಮಿಷ ಹಿಡಿಯಿತೋ ಎರಡು ದಿನವೋ, ಹಿಂದಿನ ತಿಂಗಳು ಅದು ಬಿಡಿಸಿದ ಜನರಿಗೆ ಕೈಗಳಿದ್ದವೋ ಇಲ್ಲವೋ ಎಂಬುದೂ ಒಂದೇ ಫೋಟೊದಿಂದ ಯಂತ್ರಕ್ಕೆ ತಿಳಿಯುವುದಿಲ್ಲ.

ಅಂಕವು ಮಗುವಿನ ಆಸಕ್ತಿಯ ಮೇಲೆ ಏನು ಮಾಡುತ್ತದೆ ಎಂಬುದಕ್ಕೆ ಪ್ರಯೋಗಗಳ ಆಧಾರವಿದೆ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಮತ್ತು ಆರನೇ ತರಗತಿಯ ಕೆಲವು ಮಕ್ಕಳಿಗೆ ಟಿಪ್ಪಣಿ, ಕೆಲವರಿಗೆ ಅಂಕ, ಉಳಿದವರಿಗೆ ಎರಡನ್ನೂ ಕೊಡಲಾಯಿತು. ಟಿಪ್ಪಣಿ ಮಾತ್ರ ಪಡೆದವರಲ್ಲಿ ಆಸಕ್ತಿ ಉಳಿಯಿತು. ಅಂಕದ ಜೊತೆ ಟಿಪ್ಪಣಿ ಪಡೆದವರ ಸ್ಥಿತಿ ಹೆಚ್ಚುಕಡಿಮೆ ಅಂಕ ಮಾತ್ರ ಪಡೆದವರಂತೆಯೇ ಆಯಿತು. ಆ ಮಕ್ಕಳಿಗೆ ಕೊಟ್ಟದ್ದು ಚಿತ್ರಕಲೆಯ ಕೆಲಸವಲ್ಲ, ಆದರೆ ಚಿತ್ರದ್ದೇ ಇನ್ನೊಂದು ಪ್ರಯೋಗವಿದೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಸ್ಕೆಚ್ ಪೆನ್ನಿನಲ್ಲಿ ಇಷ್ಟಪಟ್ಟು ಬಿಡಿಸುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮುಂಚಿತವಾಗಿ ಹೇಳಿದರು, ಹೇಳಿದಂತೆ ಕೊಟ್ಟರು. ಒಂದೆರಡು ವಾರದ ನಂತರ ಅದೇ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟಾಗ ಆ ಮಕ್ಕಳು ಬಿಡಿಸಲು ಕೊಟ್ಟ ಸಮಯ ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು.

ಹಾಗೆಂದು ಸ್ನೇಹದ ಮಾತೆಲ್ಲ ನಿರಪಾಯಕಾರಿಯಲ್ಲ. ಓದುವವರಿಗೆ ಹಿತವಾದ ಉತ್ತರವನ್ನು ಮೆಚ್ಚಿ ಮೆಚ್ಚಿ ತರಬೇತಿ ಕೊಟ್ಟಿರುವುದರಿಂದ ಭಾಷಾ ತಂತ್ರಾಂಶಗಳಿಗೆ ಹೊಗಳುವ ಚಾಳಿ ಇದೆ. ‘ಅದ್ಭುತ’, ‘ಅಮೋಘ’ ಅವುಗಳ ನಾಲಿಗೆಯ ತುದಿಯಲ್ಲೇ ಇರುತ್ತವೆ. 2014ರಲ್ಲಿ ಎಡ್ಡಿ ಬ್ರುಮೆಲ್ಮನ್ ಮತ್ತು ಸಂಗಡಿಗರು ನೆದರ್ಲೆಂಡ್ಸ್‌ನ ಮಕ್ಕಳಿಗೆ ವ್ಯಾನ್ ಗೋನ ಹೂವಿನ ಚಿತ್ರವೊಂದನ್ನು ನೋಡಿ ಬಿಡಿಸಲು ಕೊಟ್ಟು, ಚಿತ್ರಕಾರನೊಬ್ಬನ ಹೆಸರಿನಲ್ಲಿ ಕೆಲವರಿಗೆ ಚೆನ್ನಾಗಿದೆ ಎಂದೂ ಕೆಲವರಿಗೆ ನಂಬಲಾಗದಷ್ಟು ಚೆನ್ನಾಗಿದೆ ಎಂದೂ ಬರೆದುಕೊಟ್ಟರು. ಅತಿಯಾಗಿ ಹೊಗಳಿಸಿಕೊಂಡವರಲ್ಲಿ ತಮ್ಮ ಬಗ್ಗೆ ಕೀಳರಿಮೆ ಇದ್ದ ಮಕ್ಕಳು ಮುಂದಿನ ಸುತ್ತಿನಲ್ಲಿ ಕಷ್ಟದ ಚಿತ್ರಗಳನ್ನು ಬಿಟ್ಟು ಸುಲಭದವುಗಳತ್ತ ವಾಲಿದರು. ಮುಂದಿನ ಸಲವೂ ಅಷ್ಟೇ ಎತ್ತರಕ್ಕೆ ಏರಬೇಕೆಂಬ ಭಾರ ಅವರ ಮೇಲೆ ಬಿದ್ದಿರಬೇಕು ಎಂಬುದು ಸಂಶೋಧಕರ ವಿವರಣೆ. ಆದ್ದರಿಂದ ಒಳ್ಳೆಯ ಆ್ಯಪ್‌ನ ಉತ್ತರದಲ್ಲಿ ವಿಶೇಷಣ ಕಡಿಮೆ, ವಿವರ ಹೆಚ್ಚು ಇರುತ್ತದೆ.

ಉತ್ತರವು ನಿಜಕ್ಕೂ ಚಿತ್ರವನ್ನು ನೋಡಿ ಬಂದದ್ದೇ, ಎಲ್ಲರಿಗೂ ಕೊಡುವ ಸಿದ್ಧ ವಾಕ್ಯವೇ ಎಂದು ತಿಳಿಯಲು ಸುಲಭದ ದಾರಿಯಿದೆ. ಖಾಲಿ ಹಾಳೆಯ ಫೋಟೊ ಕಳಿಸಿ ನೋಡಬಹುದು. ಅದಕ್ಕೂ ‘ಬಣ್ಣಗಳು ಸೊಗಸಾಗಿವೆ’ ಎಂದು ಬಂದರೆ ಆ ಆ್ಯಪ್ ಚಿತ್ರವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಉತ್ತರದಲ್ಲಿ ಬರುವ ನಾಮಪದಗಳನ್ನೂ ಗಮನಿಸಬೇಕು. ಚಕ್ರ, ಬಾವುಟ, ಸಾಲಾಗಿ ನಿಂತ ಜನ ಎಂಬ ಮಾತುಗಳಿದ್ದರೆ ಯಂತ್ರ ಏನನ್ನೋ ಕಂಡಿದೆ. ಹಗ್ಗದ ಸುದ್ದಿ ಇಲ್ಲದಿದ್ದರೆ ಗೆರೆ ಕುಗ್ಗಿ ಕರಗಿರಬಹುದು. ಹಗಲಿನಲ್ಲಿ, ಹಾಳೆಯ ಆ ಭಾಗವನ್ನಷ್ಟೇ ಹತ್ತಿರದಿಂದ ತೆಗೆದ ಫೋಟೊದಲ್ಲಿ ಅದು ಮತ್ತೆ ಕಾಣಿಸಿಕೊಳ್ಳಬಹುದು.

ಉತ್ತರದ ಕೊನೆಯಲ್ಲಿರುವ ಪ್ರಶ್ನೆ ತಂದೆತಾಯಿಗೆ ಹೆಚ್ಚು ಉಪಯೋಗಕ್ಕೆ ಬರುವ ಭಾಗ. ‘ಅವರೆಲ್ಲ ಏನು ಮಾಡುತ್ತಿದ್ದಾರೆ?’ ಎಂಬುದಕ್ಕೆ ಉತ್ತರ ಗೊತ್ತಿರುವುದು ಮಗುವಿಗೆ ಮಾತ್ರ. ‘ತೇರು ಎಳೀತಿದ್ದಾರೆ, ಇದು ನಮ್ಮ ಅಜ್ಜ’ ಎಂದು ಅದು ಬೆರಳಿಟ್ಟು ತೋರಿಸಿದಾಗ, ಜಾತ್ರೆಗೆ ಜೊತೆಯಲ್ಲೇ ಹೋಗಿದ್ದ ದೊಡ್ಡವರು ಯಂತ್ರಕ್ಕೆ ಸಾಧ್ಯವಿಲ್ಲದ ಮಾತನ್ನು ಮುಂದುವರಿಸಬಲ್ಲರು: ಎಂಟು ಜನರಲ್ಲಿ ಅಜ್ಜನ ಅಂಗಿಗೆ ಮಾತ್ರ ಬಣ್ಣ ಏಕೆ, ಹಗ್ಗ ಅಷ್ಟು ತೆಳ್ಳಗಿತ್ತೇ ಎಂದು ಕೇಳಬಲ್ಲರು. ಆನೆ ಬಿಡಿಸುವುದು, ಮುಖವನ್ನು ಪಕ್ಕದಿಂದ ಬಿಡಿಸುವುದು ಹೀಗೆ ಯಾವುದೋ ನಿರ್ದಿಷ್ಟ ಕೌಶಲವನ್ನು ಮಗುವೇ ಕಲಿಯಬಯಸಿದರೆ ಆಗ ತಿದ್ದುವಿಕೆಗೆ ಜಾಗವಿದೆ, ಅದಕ್ಕೆ ಚಿತ್ರಕಲಾ ಶಿಕ್ಷಕರು ಬೇಕು. ಆ್ಯಪ್‌ನ ಸಾಮಾನ್ಯ ಉತ್ತರ ಆ ಕೆಲಸಕ್ಕೆ ಒದಗುವುದಿಲ್ಲ.

ಅಪ್‌ಲೋಡ್ ಮಾಡುವ ಮುನ್ನ ನೋಡಬೇಕಾದ ಒಂದು ಸಂಗತಿ ಹಾಳೆಯ ಅಂಚಿನಲ್ಲಿರುತ್ತದೆ. ಮಕ್ಕಳು ಅಲ್ಲಿ ಹೆಸರು, ತರಗತಿ, ಕೆಲವೊಮ್ಮೆ ಶಾಲೆಯ ಹೆಸರನ್ನೂ ಬರೆಯುವುದುಂಟು. ಆ ಭಾಗವನ್ನು ಕತ್ತರಿಸಿ ಕಳಿಸುವುದು ಒಳ್ಳೆಯದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ವೈಯಕ್ತಿಕ ಮಾಹಿತಿಯನ್ನು ಬಳಸಿಕೊಳ್ಳಲು ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು, ಆ ಒಪ್ಪಿಗೆ ಪರಿಶೀಲಿಸಬಹುದಾದ ರೀತಿಯಲ್ಲಿರಬೇಕು ಎಂದು ಅದು ಹೇಳುತ್ತದೆ. ಕಳಿಸಿದ ಚಿತ್ರಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಲಾಗುತ್ತದೆ, ಯಂತ್ರದ ಮುಂದಿನ ತರಬೇತಿಗೆ ಬಳಸಲಾಗುತ್ತದೆಯೇ ಎಂಬುದನ್ನು ಆ್ಯಪ್‌ನ ಗೋಪ್ಯತಾ ನೀತಿಯಲ್ಲಿ ಓದಿ, ಬೇಡವೆನಿಸಿದರೆ ಅಳಿಸುವ ಆಯ್ಕೆ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಬಹುದು.